ಶುಗರ್ ಲೋ ಆಗಿ ಪ್ರಜ್ಞೆ ತಪ್ಪಿದರೆ ಬಾಯಿಗೆ ಸಕ್ಕರೆ ಹಾಕಬೇಡಿ: ಗ್ಲುಕಗಾನ್ ಇಂಜೆಕ್ಷನ್ ಕೊಡೋದು ಹೇಗೆ?

ಸಂತೆ ದಿನ ಅಂದ್ಕೊಳ್ಳಿ. ಇನ್ಸುಲಿನ್ ತಗೊಳ್ಳೋ ಕಿರಾಣಿ ಅಂಗಡಿ ಮಾಲೀಕರೊಬ್ಬರು ಬೆಳಿಗ್ಗೆ ಸೂಜಿ ಚುಚ್ಕೊಂಡು, ಗಿರಾಕಿ ಜಾಸ್ತಿ ಅಂತ ತಿಂಡಿ ಬಿಟ್ಟಿದ್ದಾರೆ. ಹನ್ನೊಂದರ ಹೊತ್ತಿಗೆ ಮೈಯೆಲ್ಲಾ ಬೆವರು, ಕೈ ನಡುಕ, ಚಿಲ್ಲರೆ ಲೆಕ್ಕ ತಪ್ಪುತ್ತೆ. ಸ್ವಲ್ಪ ಹೊತ್ತಿಗೆ ಗಲ್ಲಾ ಪಕ್ಕದಲ್ಲೇ ಕುಸಿದು ಬೀಳ್ತಾರೆ. ಮೀಟರ್‌ನಲ್ಲಿ ನೋಡಿದರೆ ಶುಗರ್ 38. ಇದು 70ಕ್ಕಿಂತ ಕೆಳಗೆ ಬಂದರೇ ಕಡಿಮೆ ಅಂತ ಲೆಕ್ಕ.

ಬೆವರು, ನಡುಕ ಇದ್ದಾಗಲೇ ಸಕ್ಕರೆ ನೀರು ಕೊಟ್ಟಿದ್ರೆ ಸಾಕಿತ್ತು. ಪ್ರಜ್ಞೆ ಹೋದ ಮೇಲೆ ಬಾಯಿಗೆ ಏನೂ ಹಾಕಬಾರದು. ನುಂಗೋ ಶಕ್ತಿ ಇರಲ್ಲ, ಹಾಕಿದ್ದು ಶ್ವಾಸನಾಳಕ್ಕೆ ಹೋಗುತ್ತೆ. ಕೆಲವರಿಗೆ ಫಿಟ್ಸ್ ಕೂಡ ಬರುತ್ತೆ. ಆಗ ಕೈಗೆ ಬೀಗದ ಕೈ ಹಿಡಿಸೋದು, ಮೂಗಿಗೆ ಈರುಳ್ಳಿ ಹಿಡಿಯೋದು ಇವೆಲ್ಲ ನಡೆಯುತ್ತೆ. ಅದರಿಂದ ಶುಗರ್ ಒಂದು ಪಾಯಿಂಟ್ ಕೂಡ ಏರಲ್ಲ, ನಿಮಿಷಗಳು ಮಾತ್ರ ಹೋಗುತ್ತವೆ.

ಇಂಥ ಹೊತ್ತಿಗೇ ಇರೋದು ಗ್ಲುಕಗಾನ್. ನಮ್ಮ ಲಿವರ್ ಅನ್ನೋದು ಸಕ್ಕರೆಯ ಗೋಡೌನ್ ಇದ್ದಂಗೆ. ಗ್ಲುಕಗಾನ್ ಹೋಗಿ ಆ ಗೋಡೌನ್ ಬಾಗಿಲು ತೆಗೆಸಿ ಸಕ್ಕರೆಯನ್ನು ರಕ್ತಕ್ಕೆ ಬಿಡಿಸುತ್ತೆ. ಇದು ಇನ್ಸುಲಿನ್ ಅಲ್ಲ, ಅದರ ಉಲ್ಟಾ ಕೆಲಸ ಮಾಡೋದು. ಗಾಬರಿಯಲ್ಲಿ ಫ್ರಿಜ್‌ನಿಂದ ಇನ್ಸುಲಿನ್ ತೆಗೆದು ಚುಚ್ಚಿದರೆ ಜೀವಕ್ಕೇ ಅಪಾಯ.

ಮೊದಲು ಒಬ್ಬರು 108ಕ್ಕೆ ಫೋನ್ ಮಾಡಲಿ, ಇನ್ನೊಬ್ಬರು ಕಿಟ್ ಬಿಚ್ಚಲಿ. ಮೀಟರ್ ಸಿಗಲಿಲ್ಲ ಅಂದ್ರೆ ಹುಡುಕುತ್ತಾ ಕೂರಬೇಡಿ. ಇನ್ಸುಲಿನ್ ತಗೊಳ್ಳೋರು ಪ್ರಜ್ಞೆ ತಪ್ಪಿದ್ರೆ ಲೋ ಆಗಿದೆ ಅಂತಲೇ ತಿಳಿದು ಕೊಡಿ. ಉಸಿರೇ ಆಡ್ತಿಲ್ಲ ಅಂದ್ರೆ ಮಾತ್ರ ಮೊದಲು ಎದೆ ಒತ್ತೋದು ಶುರು ಮಾಡಬೇಕು.

ಸಾಮಾನ್ಯ ಕಿಟ್‌ನಲ್ಲಿ ಎರಡು ವಸ್ತು ಇರುತ್ತೆ: ಪುಡಿ ಇರೋ ಚಿಕ್ಕ ಬಾಟ್ಲಿ, ನೀರು ತುಂಬಿದ ಸಿರಿಂಜ್. ಜನ ಎಡವೋದು ಇಲ್ಲೇ. ಸಿರಿಂಜ್‌ನಲ್ಲಿ ನೀರು ಕಂಡು ಅದೇ ಔಷಧಿ ಅಂತ ನೇರ ಚುಚ್ಚಿಬಿಡ್ತಾರೆ. ಔಷಧಿ ಇರೋದು ಪುಡಿಯಲ್ಲಿ. ಬಾಟ್ಲಿಯ ಪ್ಲಾಸ್ಟಿಕ್ ಮುಚ್ಚಳ ತೆಗೆದು, ರಬ್ಬರ್ ಮೂಲಕ ಸೂಜಿ ಚುಚ್ಚಿ ಪೂರ್ತಿ ನೀರನ್ನು ಒಳಗೆ ಬಿಡಿ. ಸೂಜಿ ತೆಗೆಯದೆ, ಪುಡಿ ಕರಗೋವರೆಗೆ ಬಾಟ್ಲಿಯನ್ನು ಮೆಲ್ಲಗೆ ತಿರುಗಿಸಿ, ಜೋರಾಗಿ ಕುಲುಕಬೇಡಿ. ನೀರಿನಷ್ಟು ತಿಳಿಯಾಗಬೇಕು, ಗಟ್ಟಿಯಾದ್ರೆ ಅಥವಾ ಚೂರು ಕಂಡರೆ ಬಳಸಬೇಡಿ. ಆಮೇಲೆ ಬಾಟ್ಲಿ ತಲೆಕೆಳಗೆ ಮಾಡಿ, ಸೂಜಿ ತುದಿ ದ್ರವದಲ್ಲೇ ಇರೋ ಹಾಗೆ ಹಿಡಿದು, ಪೂರ್ತಿ ವಾಪಸ್ ಎಳ್ಕೊಳ್ಳಿ. ಗಾಳಿ ಬಂದಿದ್ರೆ ಹೊರಗೆ ತಳ್ಳಿ.

ದೊಡ್ಡವರಿಗೆ ಪೂರ್ತಿ, ಅಂದ್ರೆ 1 ಮಿಲಿಗ್ರಾಂ. 25 ಕೆಜಿಗಿಂತ ಕಡಿಮೆ ತೂಕದ ಮಕ್ಕಳಿಗೆ ಸಾಮಾನ್ಯವಾಗಿ ಅರ್ಧ. ವೈದ್ಯರ ಹತ್ರ ಮೊದಲೇ ಕೇಳಿ ಡಬ್ಬಿ ಮೇಲೆ ಬರೆದಿಟ್ಕೊಳ್ಳಿ. ತೊಡೆಯ ಹೊರಭಾಗದ ಮಧ್ಯಕ್ಕೆ ಸೂಜಿ ನೆಟ್ಟಗೆ ಚುಚ್ಚಿ, ಪೂರ್ತಿ ಒತ್ತಿ ತೆಗೆದುಬಿಡಿ. ನರ ಹುಡುಕೋ ಅಗತ್ಯ ಇಲ್ಲ.

ತಕ್ಷಣ ಅವರನ್ನು ಮಗ್ಗುಲಿಗೆ ಮಲಗಿಸಿ. ಗ್ಲುಕಗಾನ್ ಕೊಟ್ಟ ಮೇಲೆ ವಾಂತಿ ಆಗೋದು ಸಾಮಾನ್ಯ, ಅಂಗಾತ ಮಲಗಿದ್ರೆ ಅದು ಗಂಟಲಲ್ಲಿ ಸಿಕ್ಕಿಹಾಕ್ಕೊಳ್ಳುತ್ತೆ. ಈಗ ಗಡಿಯಾರ ನೋಡಿ. ಎಚ್ಚರ ಬರೋಕೆ 10ರಿಂದ 15 ನಿಮಿಷ ಬೇಕು. ಐದು ನಿಮಿಷಕ್ಕೆ ಏಳಲಿಲ್ಲ ಅಂತ ನೀರು ಎರಚಬೇಡಿ. 15 ನಿಮಿಷ ಆದ್ರೂ ಏಳದಿದ್ರೆ, ಇನ್ನೊಂದು ಕಿಟ್ ಇದ್ರೆ ಕೊಡಬಹುದು. ಇಲ್ಲ ಅಂದ್ರೆ ಡ್ರಿಪ್ ಮೂಲಕ ಗ್ಲೂಕೋಸ್ ಏರಿಸಬೇಕು, ಅದಕ್ಕೆ ಆಸ್ಪತ್ರೆಯೇ ಗತಿ.

ನಮ್ಮ ಅಂಗಡಿಯವರು 12ನೇ ನಿಮಿಷಕ್ಕೆ ಕಣ್ಣು ಬಿಟ್ಟರು ಅಂದ್ಕೊಳ್ಳಿ. ಎದ್ದರಲ್ಲ ಅಂತ ಎಲ್ರೂ ಹೊರಟುಬಿಡೋದು ತಪ್ಪು. ಗೋಡೌನ್ ಖಾಲಿ ಆಗಿರುತ್ತೆ, ಇನ್ಸುಲಿನ್ ಇನ್ನೂ ಮೈಯಲ್ಲಿ ಕೆಲಸ ಮಾಡ್ತಿರುತ್ತೆ. ಪೂರ್ತಿ ಎಚ್ಚರ ಇದ್ದು ನುಂಗೋಕೆ ಆಗುತ್ತೆ ಅಂತ ಖಾತ್ರಿ ಮಾಡ್ಕೊಂಡು, ಮೂರು ಟೀ ಚಮಚ ಸಕ್ಕರೆ ಕದಡಿದ ನೀರನ್ನು ಗುಟುಕು ಗುಟುಕಾಗಿ ಕುಡಿಸಿ. ಆಮೇಲೆ ಇಡ್ಲಿ, ಚಪಾತಿ, ಬ್ರೆಡ್, ಇದ್ದಿದ್ದು ತಿನ್ನಿಸಿ. 15 ನಿಮಿಷಕ್ಕೊಮ್ಮೆ ಮೀಟರ್ ನೋಡಿ. ವಾಂತಿ ನಿಲ್ಲದೆ ಏನೂ ತಿನ್ನೋಕೆ ಆಗ್ತಿಲ್ಲ ಅಂದ್ರೆ ಮತ್ತೆ ಇಳಿಯುತ್ತೆ. ಅವತ್ತಿನ ಮುಂದಿನ ಇನ್ಸುಲಿನ್ ಎಷ್ಟು ಅಂತ ವೈದ್ಯರನ್ನು ಕೇಳಿಯೇ ತಗೋಬೇಕು.

ಇಬ್ಬರ ವಿಷಯದಲ್ಲಿ ಗ್ಲುಕಗಾನ್ ನಂಬಿ ಕೂರೋ ಹಾಗಿಲ್ಲ. ಖಾಲಿ ಹೊಟ್ಟೇಲಿ ಕುಡಿದವರು, ದಿನಗಟ್ಟಲೆ ಉಪವಾಸ ಇದ್ದವರ ಲಿವರ್‌ನಲ್ಲಿ ಬಿಡೋಕೆ ಸಕ್ಕರೆಯೇ ಇರಲ್ಲ. ಗ್ಲಿಮಿಪಿರೈಡ್, ಗ್ಲಿಬೆನ್‌ಕ್ಲಮೈಡ್ ಥರದ ಮಾತ್ರೆ ತಗೊಳ್ಳೋರಿಗೆ ಎದ್ದ ಮೇಲೂ ಗಂಟೆಗಟ್ಟಲೆ ಶುಗರ್ ಮತ್ತೆ ಮತ್ತೆ ಬೀಳುತ್ತೆ. ಇವರು ಎದ್ದು ಮಾತಾಡಿದ್ರೂ ಆ್ಯಂಬುಲೆನ್ಸ್ ವಾಪಸ್ ಕಳಿಸಬೇಡಿ.

ಕಿಟ್‌ಗೆ ವೈದ್ಯರ ಚೀಟಿ ಬೇಕು. ಎಲ್ಲ ಮೆಡಿಕಲ್‌ಗಳಲ್ಲೂ ಸ್ಟಾಕ್ ಇರಲ್ಲ, ಮೊದಲೇ ಹೇಳಿ ತರಿಸ್ಕೊಳ್ಳಿ. ಫ್ರಿಜ್‌ನ ಬಾಗಿಲ ಕಡೆ ಇಡಿ, ಫ್ರೀಜರ್‌ನಲ್ಲಿ ಬೇಡ, ಬಿಸಿಲು ಬೀಳೋ ಗಲ್ಲಾ ಮೇಲೂ ಬೇಡ. ಎಕ್ಸ್‌ಪೈರಿ ತಾರೀಖು ದೊಡ್ಡದಾಗಿ ಬರೆದು ಅಂಟಿಸಿ, ಎಲ್ಲಿದೆ ಅಂತ ಅಂಗಡಿ ಹುಡುಗರಿಗೂ ತೋರಿಸಿಡಿ.