ಗಡುವು ಮೀರುವ ಉದ್ಯೋಗಿಗೆ ಪಿಐಪಿ ಪತ್ರ

ಕಚೇರಿಗಳಲ್ಲಿ ಪಿಐಪಿ ಎಂದೇ ಪರಿಚಿತವಾದ ಕಾರ್ಯಕ್ಷಮತೆ ಸುಧಾರಣಾ ಯೋಜನೆಯು ಉದ್ಯೋಗಿಗೆ ಕೊಡುವ ಲಿಖಿತ ಕಾಲಾವಕಾಶ. ಕೆಲಸದಲ್ಲಿ ಯಾವ ಕೊರತೆ ಕಂಡಿದೆ, ಎಷ್ಟು ದಿನದಲ್ಲಿ ಅದು ಎಷ್ಟರಮಟ್ಟಿಗೆ ಸರಿಹೋಗಬೇಕು, ಅದಕ್ಕೆ ಕಂಪನಿ ಏನು ನೆರವು ಕೊಡುತ್ತದೆ ಎಂಬುದು ಪತ್ರದಲ್ಲಿರಬೇಕು. ಮೊದಲು ಮುಖಾಮುಖಿ ಮಾತಾಗಿ, ಅದರ ನಂತರವೂ ವಿಳಂಬ ಮುಂದುವರಿದಾಗ ಈ ಪತ್ರ ಕೊಡುವುದು ಸರಿಯಾದ ಕ್ರಮ.

ಬೆಂಗಳೂರಿನ ಮಧ್ಯಮ ಗಾತ್ರದ ಕಂಪನಿಯೊಂದರ ಅಕೌಂಟ್ಸ್ ವಿಭಾಗವನ್ನು ಉದಾಹರಣೆಗೆ ಊಹಿಸಿಕೊಳ್ಳಬಹುದು. ಒಬ್ಬ ಉದ್ಯೋಗಿಗೆ ಪ್ರತಿ ತಿಂಗಳೂ ಎರಡು ಕೆಲಸ: 5ನೇ ತಾರೀಕಿನೊಳಗೆ ಬ್ಯಾಂಕ್ ಲೆಕ್ಕದ ತಾಳೆ, 7ನೇ ತಾರೀಕಿನೊಳಗೆ ಹಿಂದಿನ ತಿಂಗಳ ಮಾರಾಟದ ಪಟ್ಟಿ. ತಿಂಗಳಿಗೊಮ್ಮೆ ಸಲ್ಲಿಸುವವರಿಗೆ ಜಿಎಸ್‌ಟಿಆರ್-1 ವಿವರಪಟ್ಟಿಯ ಕೊನೆಯ ದಿನ 11 ಆದ್ದರಿಂದ ಈ ಪಟ್ಟಿ ತಡವಾದರೆ ತೊಂದರೆ ನೇರವಾಗಿ ಕಂಪನಿಗೆ ತಟ್ಟುತ್ತದೆ. ಏಪ್ರಿಲ್‌ನಿಂದ ಜೂನ್‌ವರೆಗಿನ ಆರು ಕೆಲಸಗಳಲ್ಲಿ ನಾಲ್ಕು ತಡವಾಗಿವೆ.

ಇಷ್ಟನ್ನೇ ಹಿಡಿದು ಪತ್ರ ಬರೆಯಲು ಕೂರುವಂತಿಲ್ಲ. ಪ್ರತಿ ವಿಳಂಬದ ಕಾರಣವನ್ನೂ ನೋಡಬೇಕು. ಮೇ ತಿಂಗಳಲ್ಲಿ ಪಟ್ಟಿ 11ಕ್ಕೆ ಬಂದಿತ್ತು. ಆದರೆ ಶಾಖೆಯವರು 4ಕ್ಕೆ ಕಳಿಸಬೇಕಿದ್ದ ಬಿಲ್‌ಗಳನ್ನು 9ಕ್ಕೆ ಕಳಿಸಿದ್ದರು. ಬಿಲ್ ಕೈಸೇರಿದ ಎರಡೇ ದಿನದಲ್ಲಿ ಕೆಲಸ ಮುಗಿದಿರುವುದರಿಂದ ಅದು ಉದ್ಯೋಗಿಯ ತಪ್ಪಲ್ಲ. ಮಂಜೂರಾದ ರಜೆಯಿಂದಾದ ವಿಳಂಬವನ್ನೂ ಹೀಗೆಯೇ ಕೈಬಿಡಬೇಕು. ಅಲ್ಲಿಗೆ ಪತ್ರದಲ್ಲಿ ಉಳಿಯುವುದು ಮೂರೇ ಪ್ರಸಂಗ.

ಅವನ್ನು ಬರೆಯುವಾಗ ಸ್ವಭಾವದ ಮಾತು ಬರಬಾರದು. ‘ನೀವು ಬೇಜವಾಬ್ದಾರಿಯಿಂದ ವರ್ತಿಸುತ್ತಿದ್ದೀರಿ’ ಎಂಬುದು ಆರೋಪ. ಅದನ್ನು ಅಲ್ಲಗಳೆಯಬಹುದೇ ಹೊರತು ತಿದ್ದಿಕೊಳ್ಳಲು ಅದರಲ್ಲಿ ಏನೂ ಸಿಗುವುದಿಲ್ಲ. ಅದರ ಬದಲು ಹೀಗೆ ಬರೆಯಬಹುದು:

‘ಏಪ್ರಿಲ್ 7ಕ್ಕೆ ಕೊಡಬೇಕಿದ್ದ ಮಾರಾಟದ ಪಟ್ಟಿಯನ್ನು ನೀವು 10ರಂದು ಕೊಟ್ಟಿದ್ದೀರಿ. ಜೂನ್ 5ರ ಬ್ಯಾಂಕ್ ತಾಳೆ 8ರಂದು, ಜೂನ್ 7ರ ಪಟ್ಟಿ 12ರಂದು ಬಂದಿವೆ. ಜೂನ್‌ನಲ್ಲಿ ವಿವರಪಟ್ಟಿ ಸಲ್ಲಿಕೆ ತಡವಾಗಿ ಕಂಪನಿ ವಿಳಂಬ ಶುಲ್ಕ ಕಟ್ಟಬೇಕಾಯಿತು. ಈ ಬಗ್ಗೆ ಜೂನ್ 15ರಂದು ನಿಮ್ಮೊಂದಿಗೆ ಮಾತನಾಡಲಾಗಿದೆ.’

ಮುಂದಿನ ಪ್ರಶ್ನೆ ಅವಧಿಯದು. 30, 60 ಅಥವಾ 90 ದಿನ ಕೊಡುವುದು ರೂಢಿ. ತಿಂಗಳಿಗೊಮ್ಮೆ ಬರುವ ಕೆಲಸಕ್ಕೆ 30 ದಿನ ಕೊಟ್ಟರೆ ಸಿಗುವುದು ಒಂದೇ ಅವಕಾಶ. ಆ ತಿಂಗಳು ಜ್ವರ ಬಂದರೂ ಯೋಜನೆ ವಿಫಲವೆನಿಸುತ್ತದೆ. ಆದ್ದರಿಂದ ಅವಧಿಯನ್ನು ಕೆಲಸದ ಸರದಿಯ ಮೇಲೆ ಅಳೆಯಬೇಕು. ಇಲ್ಲಿ ಜುಲೈ 1ರಿಂದ ಸೆಪ್ಟೆಂಬರ್ 30ರವರೆಗೆ ಮೂರು ಸರದಿ, ಆರು ಕೆಲಸ ಸಿಗುತ್ತವೆ. ಗುರಿಯನ್ನು ಹೀಗೆ ಬರೆಯಬಹುದು:

‘ಈ ಆರರಲ್ಲಿ ಕನಿಷ್ಠ ಐದನ್ನು ಗಡುವಿನೊಳಗೆ ಮುಗಿಸಬೇಕು. ಒಂದು ತಡವಾಗುವಂತಿದ್ದರೆ ಗಡುವಿಗೆ ಒಂದು ಕೆಲಸದ ದಿನ ಮೊದಲೇ ಮೇಲ್ ಮೂಲಕ ತಿಳಿಸಬೇಕು. ಶಾಖೆಯ ಬಿಲ್‌ಗಳು 4ನೇ ತಾರೀಕಿನ ನಂತರ ಬಂದರೆ, ತಡವಾದಷ್ಟೇ ದಿನ ನಿಮ್ಮ ಗಡುವೂ ಮುಂದಕ್ಕೆ ಹೋಗುತ್ತದೆ.’

ಅದೇ ವಿಭಾಗದ ಬೇರೆಯವರಿಗಿಲ್ಲದ ಕಟ್ಟುನಿಟ್ಟನ್ನು ಒಬ್ಬರ ಮೇಲೆ ಹೇರಿದರೆ ಗುರಿ ನ್ಯಾಯವಾಗಿ ಉಳಿಯುವುದಿಲ್ಲ. ಕಂಪನಿಯ ಪಾಲಿನ ಕೆಲಸವೂ ಪತ್ರದಲ್ಲಿರಬೇಕು: ಬಿಲ್‌ಗಳನ್ನು ಸಮಯಕ್ಕೆ ತರಿಸುವ ಹೊಣೆ ಯಾರದು, ಸಾಫ್ಟ್‌ವೇರ್ ತರಬೇತಿ ಬೇಕಿದ್ದರೆ ಯಾವ ದಿನ ಕೊಡಲಾಗುತ್ತದೆ, ಮ್ಯಾನೇಜರ್ ಯಾವಾಗ ಪರಿಶೀಲಿಸುತ್ತಾರೆ ಎಂಬುದು. ಪ್ರತಿ ಶುಕ್ರವಾರ ಹದಿನೈದು ನಿಮಿಷ ಕೂತು ಮಾತಾಡಿ, ಅಂದೇ ಅದರ ಸಾರಾಂಶವನ್ನು ಉದ್ಯೋಗಿಗೆ ಮೇಲ್ ಮಾಡಿದರೆ ಸಾಕು. ಹೆಚ್ಚಿನ ಯೋಜನೆಗಳು ಹಳಿ ತಪ್ಪುವುದು ಇಲ್ಲಿಯೇ. ಪತ್ರ ಕೊಟ್ಟ ಮೇಲೆ ಒಂದು ಭೇಟಿಯೂ ನಡೆಯದಿದ್ದರೆ, ಅಥವಾ ನಡುವೆ ಗುರಿ ಬದಲಾದರೆ, ಕೆಲಸದಿಂದ ತೆಗೆಯಲು ಮೊದಲೇ ತೀರ್ಮಾನಿಸಿ ಕಾಗದ ಜೋಡಿಸಲಾಗುತ್ತಿದೆ ಎಂಬ ಅನುಮಾನಕ್ಕೆ ಆಧಾರ ಸಿಗುತ್ತದೆ.

ಅವಧಿ ಮುಗಿದಾಗ ಏನಾಗಬಹುದು ಎಂಬುದನ್ನು ಮುಚ್ಚಿಡಬಾರದು. ಗುರಿ ಮುಟ್ಟಿದರೆ ಯೋಜನೆ ಮುಗಿಯಿತೆಂದು ಲಿಖಿತವಾಗಿ ತಿಳಿಸಬೇಕು. ಭಾಗಶಃ ಸುಧಾರಿಸಿದರೆ ಅವಧಿ ವಿಸ್ತರಿಸಬಹುದು. ಇಲ್ಲದಿದ್ದರೆ ಹುದ್ದೆ ಬದಲಾವಣೆ ಅಥವಾ ಕೆಲಸದಿಂದ ಬಿಡುಗಡೆಯ ಸಾಧ್ಯತೆಯಿದೆ. ಆದರೆ ಪಿಐಪಿಯಲ್ಲಿ ಸೋತ ಮಾತ್ರಕ್ಕೆ ಕಾನೂನಿನ ರಕ್ಷಣೆ ತಪ್ಪುವುದಿಲ್ಲ. 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ 39ನೇ ಕಲಮಿನ ಪ್ರಕಾರ, ಸತತ ಆರು ತಿಂಗಳು ದುಡಿದವರನ್ನು ತೆಗೆಯಲು ಸಮಂಜಸ ಕಾರಣದ ಜೊತೆಗೆ ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲು ಸಂಬಳ ಕೊಡಬೇಕು. ದುರ್ನಡತೆಗೆ ಬೇರೆ ನಿಯಮವಿದೆ. ಗಡುವು ತಪ್ಪಿದ್ದನ್ನೇ ದುರ್ನಡತೆಯೆಂದು ಪತ್ರದಲ್ಲಿ ಸೇರಿಸಿದರೆ ಎರಡೂ ವಿಷಯ ಗೋಜಲಾಗುತ್ತವೆ.

ಕೊನೆಯಲ್ಲಿ ಸಹಿಯ ಜಾಗ. ‘ಈ ಸಹಿ ಪತ್ರ ತಲುಪಿದ್ದಕ್ಕೆ ಮಾತ್ರ, ಇದರಲ್ಲಿರುವುದನ್ನು ಒಪ್ಪಿದ್ದೇನೆ ಎಂದಲ್ಲ’ ಎಂಬ ಸಾಲು ಅಲ್ಲಿರಬೇಕು. ಅದರ ಕೆಳಗೆ ಉದ್ಯೋಗಿ ತನ್ನ ಉತ್ತರ ಬರೆಯಲು ಖಾಲಿ ಜಾಗ ಬಿಟ್ಟು, ಐದು ಕೆಲಸದ ದಿನಗಳ ಸಮಯ ಕೊಟ್ಟು, ಆ ಉತ್ತರವನ್ನು ಪತ್ರದೊಂದಿಗೇ ಕಡತಕ್ಕೆ ಸೇರಿಸಬೇಕು.