ಕೆಂಪು, ಹಳದಿ, ಬಿಳಿ: ಸೀರಂ ಬಣ್ಣಗೆಟ್ಟಾಗ

ತುರ್ತು ವಿಭಾಗಕ್ಕೆ ಬಂದ ರೋಗಿಯೊಬ್ಬರ ಪೊಟ್ಯಾಸಿಯಂ 5.9 ಎಂದು ಬಂದಿದೆ ಎನ್ನಿ. ಐದು ದಾಟಿದರೇ ವೈದ್ಯರು ಎಚ್ಚರಗೊಳ್ಳುತ್ತಾರೆ. ಇನ್ನೂ ಏರಿದರೆ ಹೃದಯದ ಬಡಿತವೇ ತಪ್ಪಬಹುದು. ಆದರೆ ಆ ಅಂಕಿಯ ಪಕ್ಕದಲ್ಲಿ ಯಂತ್ರ H ಎಂಬ ಗುರುತು ಹಾಕಿದೆ. ಮತ್ತೆ ರಕ್ತ ತೆಗೆದು ನೋಡಿದರೆ 4.9. ರೋಗಿ ಅವರೇ, ಕಳೆದದ್ದು ಅರ್ಧ ಗಂಟೆ ಮಾತ್ರ.

ವ್ಯತ್ಯಾಸ ಹುಟ್ಟಿದ್ದು ರಕ್ತ ತೆಗೆದ ರೀತಿಯಲ್ಲಿ. ಕೆಂಪು ರಕ್ತಕಣದೊಳಗೆ ಹೊರಗಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಪೊಟ್ಯಾಸಿಯಂ ಇರುತ್ತದೆ. ತೀರಾ ಸಣ್ಣ ಸೂಜಿಯಲ್ಲಿ ಜೋರಾಗಿ ಎಳೆದರೆ, ಸಿರಿಂಜಿನಿಂದ ಟ್ಯೂಬಿಗೆ ಒತ್ತಿ ತುಂಬಿದರೆ, ಟ್ಯೂಬನ್ನು ಕುಲುಕಿದರೆ ಕಣಗಳು ಒಡೆಯುತ್ತವೆ. ಒಳಗಿನ ಪೊಟ್ಯಾಸಿಯಂ ಸೀರಮ್ಮಿಗೆ ಸುರಿಯುತ್ತದೆ, ಜೊತೆಗೆ ಹಿಮೋಗ್ಲೋಬಿನ್ ಕೂಡ. ತಿಳಿ ಹಳದಿಯಾಗಿರಬೇಕಾದ ಸೀರಂ ಕೆಂಪಾಗುತ್ತದೆ. ಇದೇ ಹಿಮೋಲಿಸಿಸ್.

ಹಿಂದೆ ಟೆಕ್ನಿಷಿಯನ್ ಟ್ಯೂಬನ್ನು ಬೆಳಕಿಗೆ ಹಿಡಿದು ಕಣ್ಣಳತೆಯಲ್ಲೇ ತೀರ್ಮಾನಿಸುತ್ತಿದ್ದರು. ಕಾಮಾಲೆಯವರ ದಟ್ಟ ಹಳದಿಯಲ್ಲಿ ಈ ಕೆಂಪು ಅಡಗಿಬಿಡುತ್ತಿತ್ತು. ಇಂದಿನ ಅನಲೈಸರ್ ಚೂರೇ ಸೀರಮ್ಮನ್ನು ಸಲೈನಿನಲ್ಲಿ ತೆಳುವಾಗಿಸಿ, ಅದರ ಮೂಲಕ ಬೇರೆ ಬೇರೆ ತರಂಗಾಂತರದ ಬೆಳಕು ಹಾಯಿಸುತ್ತದೆ. ಹಿಮೋಗ್ಲೋಬಿನ್ 570 ನ್ಯಾನೋಮೀಟರ್ ಆಸುಪಾಸಿನ ಬೆಳಕನ್ನು ಹೀರುತ್ತದೆ, ಕಾಮಾಲೆಯ ಬಿಲಿರುಬಿನ್ 480ರ ಆಸುಪಾಸಿನದನ್ನು. ಕೊಬ್ಬಿನ ಹನಿಗಳು 660–700ರಲ್ಲೂ ಬೆಳಕನ್ನು ಚದುರಿಸುತ್ತವೆ. ಒಂದರ ನೆರಳು ಇನ್ನೊಂದರ ಮೇಲೆ ಬೀಳುವುದರಿಂದ ಅದನ್ನು ಲೆಕ್ಕದಲ್ಲಿ ಕಳೆದು, H, I, L ಎಂಬ ಮೂರು ಸೂಚ್ಯಂಕಗಳನ್ನು ಯಂತ್ರ ಕೊಡುತ್ತದೆ.

ಗುರುತು ಬಿದ್ದ ಮಾತ್ರಕ್ಕೆ ಇಡೀ ಸ್ಯಾಂಪಲ್ ವ್ಯರ್ಥವಲ್ಲ. ಪ್ರತಿ ಪರೀಕ್ಷೆಗೂ ಅದರದೇ ಮಿತಿಯಿದೆ: ಪೊಟ್ಯಾಸಿಯಂ, ಎಲ್‌ಡಿಎಚ್‌ಗಳನ್ನು ಹಾಳುಮಾಡುವಷ್ಟು ಹಿಮೋಲಿಸಿಸ್‌ನಲ್ಲೂ ಸೋಡಿಯಂ ಬಹುಮಟ್ಟಿಗೆ ನೆಟ್ಟಗೇ ಇರುತ್ತದೆ. ಸೋಡಿಯಂ ಅನ್ನು ಕೆಡಿಸುವುದು ಹಾಲಿನಂಥ ಸೀರಂ. ಕೊಬ್ಬು ಜಾಗ ಆಕ್ರಮಿಸಿದ್ದರಿಂದ ಸೀರಮ್ಮಿನ ನೀರಿನ ಪಾಲು ಇಳಿದಿರುತ್ತದೆ; ತೆಳುವಾಗಿಸಿ ಅಳೆಯುವ ಯಂತ್ರಕ್ಕೆ ಅದು ತಿಳಿಯದೆ ಸೋಡಿಯಂ ಕಡಿಮೆ ತೋರುತ್ತದೆ. ತೆಳುವಾಗಿಸದೆ ನೇರವಾಗಿ ಅಳೆಯುವ ಬ್ಲಡ್ ಗ್ಯಾಸ್ ಯಂತ್ರದಲ್ಲಿ ನಿಜ ಸಿಗುತ್ತದೆ. ಬಿಲಿರುಬಿನ್‌ನ ಚೇಷ್ಟೆ ಬೇರೆ: ಹೈಡ್ರೋಜನ್ ಪೆರಾಕ್ಸೈಡ್‌ನಿಂದ ಬಣ್ಣ ಬರಿಸುವ ಪರೀಕ್ಷೆಗಳಲ್ಲಿ ಆ ಪೆರಾಕ್ಸೈಡನ್ನು ತಾನೇ ತಿಂದುಹಾಕಿ ಕ್ರಿಯಾಟಿನಿನ್, ಕೊಲೆಸ್ಟರಾಲ್‌ಗಳನ್ನು ಇಳಿಸಿ ತೋರಿಸಬಹುದು.

H ಅಂಕಿ ಗೊತ್ತಿದ್ದರೆ ಹೆಚ್ಚಿದ ಪೊಟ್ಯಾಸಿಯಂ ಅನ್ನು ಕಳೆದು ರಿಪೋರ್ಟ್ ಕೊಡಬಾರದೇ? ಕೊಡದಿರುವುದೇ ಸರಿ. ಮಲೇರಿಯಾದಲ್ಲೋ ಹೊಂದದ ರಕ್ತ ಕೊಟ್ಟಾಗಲೋ ಕಣಗಳು ದೇಹದೊಳಗೇ ಒಡೆಯುತ್ತವೆ. ಆಗ ಏರಿದ ಪೊಟ್ಯಾಸಿಯಂ ನಿಜವಾದದ್ದು. ಒಡೆದದ್ದು ದೇಹದಲ್ಲೋ ಟ್ಯೂಬಿನಲ್ಲೋ ಎಂದು ಸೂಚ್ಯಂಕ ಹೇಳಲಾರದು. ಮತ್ತೆ ತೆಗೆದ ರಕ್ತವೂ ಕೆಂಪಾಗೇ ಬಂದರೆ ಲ್ಯಾಬಿನವರು ವೈದ್ಯರಿಗೆ ಕೂಡಲೇ ಫೋನ್ ಮಾಡಬೇಕು.

ಲ್ಯಾಬ್ ಎರಡನೇ ಸಲ ರಕ್ತ ಕೇಳಿದರೆ ಬೇಸರಿಸದೆ ಕೊಡಿ. ಕೊಡುವಾಗ ಮುಷ್ಟಿಯನ್ನು ಮತ್ತೆ ಮತ್ತೆ ಬಿಗಿಹಿಡಿದು ಬಿಡಬೇಡಿ: ಅದರಿಂದಲೂ ಪೊಟ್ಯಾಸಿಯಂ ಏರುತ್ತದೆ, ಕಣ ಒಡೆಯದ ಕಾರಣ ಯಂತ್ರ ಅದನ್ನು ಹಿಡಿಯಲಾರದು.