ಬಿ ಚೀಲ ಎ ರೋಗಿಗೆ ಹೋಗಬಾರದು

ರಕ್ತನಿಧಿಯ ಫ್ರಿಜ್ಜಿನಲ್ಲಿ ಕೆಂಪು ರಕ್ತಕಣಗಳ 55 ಚೀಲಗಳಿವೆ ಎಂದುಕೊಳ್ಳಿ. ಓ ಗುಂಪಿನವು 24, ಎ 10, ಬಿ 18, ಎಬಿ 3. ವಾರ್ಡುಗಳಿಂದ 50 ಚೀಲಗಳಿಗೆ ಬೇಡಿಕೆ ಬಂದಿದೆ: ಓ ರೋಗಿಗಳಿಗೆ 14, ಎ ರೋಗಿಗಳಿಗೆ 16, ಬಿ ರೋಗಿಗಳಿಗೆ 12, ಎಬಿ ರೋಗಿಗಳಿಗೆ 8. ಯಾವ ಚೀಲ ಯಾರಿಗೆ? ಈ ಅಂಕಿಗಳು ಲೆಕ್ಕಕ್ಕಾಗಿ ನಾನೇ ಹಾಕಿಕೊಂಡವು. ಪ್ರಶ್ನೆ ಮಾತ್ರ ನಿಜವಾದದ್ದು. ಸರಕು ಸಾಗಿಸುವವರು ದಿನವೂ ಬಿಡಿಸುವ ಲೆಕ್ಕವೂ ಇದೇ ಜಾತಿಯದು.

ಹಲವು ಗೋದಾಮುಗಳಲ್ಲಿ ಸರಕಿದೆ, ಹಲವು ಊರುಗಳಿಗೆ ಅದು ಬೇಕು, ಪ್ರತಿ ದಾರಿಗೂ ಒಂದು ಬಾಡಿಗೆ ಇದೆ. ಒಟ್ಟು ಬಾಡಿಗೆ ಅತಿ ಕಡಿಮೆಯಾಗುವಂತೆ ಹಂಚುವುದು ಹೇಗೆ? ಅಮೆರಿಕದ ಗಣಿತಜ್ಞ ಫ್ರ್ಯಾಂಕ್ ಹಿಚ್‌ಕಾಕ್ 1941ರಲ್ಲಿ ಈ ಪ್ರಶ್ನೆಗೆ ಗಣಿತದ ರೂಪ ಕೊಟ್ಟರು. ಇದಕ್ಕೆ ಸಾಗಣೆ ಸಮಸ್ಯೆ ಎಂದು ಹೆಸರು. ನಮ್ಮ ಲೆಕ್ಕದಲ್ಲಿ ಚೀಲದ ಗುಂಪುಗಳೇ ಗೋದಾಮು, ರೋಗಿಗಳ ಗುಂಪುಗಳೇ ಊರು. ಚೀಲಗಳು ಸಾಲುಗಳಲ್ಲಿ, ರೋಗಿಗಳು ಕಂಬಗಳಲ್ಲಿ. ಬೇಡಿಕೆಗಿಂತ 5 ಚೀಲ ಹೆಚ್ಚಿರುವುದರಿಂದ 'ಫ್ರಿಜ್ಜಿನಲ್ಲೇ ಉಳಿಯುವುದು' ಎಂಬ ಐದನೆಯ ಕಂಬವನ್ನೂ ಸೇರಿಸಬೇಕು. ಅದರ ಬೆಲೆ ಸೊನ್ನೆ.

ಬೆಲೆ ಎಂದರೆ ಇಲ್ಲಿ ರೂಪಾಯಿಯಲ್ಲ, ಹಿಂಜರಿಕೆಯ ಅಳತೆ. ಅದೇ ಗುಂಪಿನ ರೋಗಿಗೆ ಅದೇ ಗುಂಪಿನ ಚೀಲ ಕೊಟ್ಟರೆ 0. ಎ ಅಥವಾ ಬಿ ಚೀಲವನ್ನು ಎಬಿ ರೋಗಿಗೆ ಕೊಟ್ಟರೆ 1. ಓ ಚೀಲ ಎಲ್ಲರಿಗೂ ಆಗುತ್ತದೆ, ಓ ರೋಗಿಗೆ ಮಾತ್ರ ಓ ಬಿಟ್ಟು ಬೇರೆ ಯಾವುದೂ ಆಗದು. ಆದ್ದರಿಂದ ಓ ಚೀಲವನ್ನು ಬೇರೆಯವರಿಗೆ ಕೊಡುವಾಗ ಕೈ ಬಿಗಿ ಹಿಡಿಯಬೇಕು: ಎ ಅಥವಾ ಬಿ ರೋಗಿಗೆ ಕೊಟ್ಟರೆ 3, ಎಬಿ ರೋಗಿಗೆ ಕೊಟ್ಟರೆ 5.

ಉಳಿದ ಏಳು ಮನೆಗಳಲ್ಲಿ ಏನು ಬರೆಯುವುದು? ಎ ರೋಗಿಯ ರಕ್ತದಲ್ಲಿ ಬಿ ಕಣಗಳನ್ನು ಹಿಡಿದು ಒಡೆಯುವ ಪ್ರತಿಕಾಯಗಳು ಮೊದಲೇ ಇರುತ್ತವೆ. ಬಿ ಚೀಲ ಹತ್ತಿಸಿದರೆ ಜ್ವರ, ಬೆನ್ನುನೋವು, ಕಡುಬಣ್ಣದ ಮೂತ್ರ ಕಾಣಿಸಿಕೊಳ್ಳುತ್ತವೆ. ಮೂತ್ರಪಿಂಡ ಕೈಕೊಟ್ಟು ಜೀವವೇ ಹೋಗಬಹುದು. ಇದು ದುಬಾರಿ ದಾರಿಯಲ್ಲ, ಮುಚ್ಚಿದ ದಾರಿ. ಆದರೆ ಲೆಕ್ಕದ ವಿಧಾನಕ್ಕೆ ಪ್ರತಿ ಮನೆಯಲ್ಲೂ ಒಂದು ಸಂಖ್ಯೆ ಬೇಕು. ಮನೆ ಖಾಲಿ ಬಿಟ್ಟರೆ ಕೆಲವು ತಂತ್ರಾಂಶಗಳು ಅದನ್ನು ಸೊನ್ನೆ ಎಂದೇ ಓದುತ್ತವೆ, ಆಗ ಮುಚ್ಚಿದ ದಾರಿಯೇ ಪುಕ್ಕಟೆ ದಾರಿಯಾಗುತ್ತದೆ. ಅದಕ್ಕಾಗಿ ಆ ಏಳೂ ಮನೆಗಳಲ್ಲಿ ಭಾರೀ ದಂಡ ಬರೆಯುತ್ತಾರೆ. ಕಡಿಮೆ ಬೆಲೆ ಹುಡುಕುತ್ತ ಹೋಗುವ ವಿಧಾನ ತಾನಾಗಿಯೇ ಅವುಗಳಿಂದ ದೂರ ಸರಿಯುತ್ತದೆ.

ಎಷ್ಟು ಭಾರಿ? ಇಲ್ಲಿಯೇ ಎಡವುವುದು. ಮೊದಲು ದಂಡವನ್ನು 1000 ಎಂದಿಟ್ಟು ಬಿಡಿಸೋಣ. ಓ ಚೀಲಗಳಲ್ಲಿ 14 ಓ ರೋಗಿಗಳಿಗೆ, 6 ಎ ರೋಗಿಗಳಿಗೆ, 4 ಫ್ರಿಜ್ಜಿನಲ್ಲಿ. ಎ ಚೀಲಗಳು ಹತ್ತೂ ಎ ರೋಗಿಗಳಿಗೆ. ಬಿ ಚೀಲಗಳಲ್ಲಿ 12 ಬಿ ರೋಗಿಗಳಿಗೆ, 5 ಎಬಿ ರೋಗಿಗಳಿಗೆ, 1 ಫ್ರಿಜ್ಜಿನಲ್ಲಿ. ಎಬಿ ಚೀಲಗಳು ಮೂರೂ ಎಬಿ ರೋಗಿಗಳಿಗೆ. ಬೆಲೆ: ಆರು ಮೂರಲಿ ಹದಿನೆಂಟು, ಮೇಲೆ ಐದು, ಒಟ್ಟು 23. ಮುಚ್ಚಿದ ಮನೆಗಳೆಲ್ಲ ಖಾಲಿ.

ಈಗ ಯಾರೋ ದಂಡವನ್ನು ಬರೀ 2 ಎಂದು ಬರೆದರು ಎನ್ನಿ. ಫ್ರಿಜ್ಜಿನಲ್ಲಿ ಉಳಿದಿದ್ದ ಆ ಒಂದು ಬಿ ಚೀಲವನ್ನು ಎ ರೋಗಿಗೆ ಕೊಡಿ. ಆ ರೋಗಿಗೆ ಹೋಗಬೇಕಿದ್ದ ಓ ಚೀಲ ಫ್ರಿಜ್ಜಿಗೆ ಮರಳಲಿ. ಎರಡು ಸೇರಿತು, ಮೂರು ಕಳೆಯಿತು. ಒಟ್ಟು 22. ಲೆಕ್ಕದ ಕಣ್ಣಿಗೆ ಇದು ಒಂದು ಅಂಕದ ಉಳಿತಾಯ. ವಾರ್ಡಿನಲ್ಲಿ ಅದು ಒಬ್ಬ ಮನುಷ್ಯನ ಪ್ರಾಣ.

ಸಾಗಣೆ ಲೆಕ್ಕ ಬಿಡಿಸುವವರು ಪ್ರತಿ ಖಾಲಿ ಮನೆಯನ್ನೂ ಹೀಗೆಯೇ ಪರೀಕ್ಷಿಸುತ್ತಾರೆ. ಅಲ್ಲಿಗೆ ಒಂದು ಚೀಲ ಸೇರಿಸಿ, ಸಾಲು ಕಂಬಗಳ ಮೊತ್ತ ಕೆಡದಂತೆ ಬಳಸಿದ ಮನೆಗಳ ಮೂಲಕ ಒಂದು ಸುತ್ತು ಬಂದು, ಒಟ್ಟು ಬೆಲೆ ಇಳಿಯುತ್ತದೆಯೇ ಎಂದು ನೋಡುತ್ತಾರೆ. ಬಿ ಚೀಲದಿಂದ ಎ ರೋಗಿಯ ಮನೆಗೆ ಆ ಸುತ್ತಿನ ಬೆಲೆ ದಂಡದಲ್ಲಿ ಮೂರು ಕಳೆದಷ್ಟು. ದಂಡ 3ಕ್ಕಿಂತ ಹೆಚ್ಚಿದ್ದರೆ ಆ ಮನೆ ಖಾಲಿಯೇ ಉಳಿಯುತ್ತದೆ, ಕಡಿಮೆ ಇದ್ದರೆ ತುಂಬುತ್ತದೆ.

ಹಾಗಾದರೆ 4 ಸಾಕಲ್ಲವೇ? ಈ ದಿನದ ಈ ಪಟ್ಟಿಗೆ ಸಾಕು. ಆದರೆ ಪಟ್ಟಿ ದೊಡ್ಡದಾದಂತೆ ಸುತ್ತು ಉದ್ದವಾಗುತ್ತದೆ. ಒಂದು ನಿಷಿದ್ಧ ಚೀಲ ನಾಲ್ಕೈದು ಕಡೆ ಬೆಲೆ ಉಳಿಸಿಕೊಟ್ಟು ತನ್ನ ದಂಡವನ್ನು ತೀರಿಸಿಬಿಡಬಹುದು. ಆದ್ದರಿಂದ ದಂಡವನ್ನು ಒಂದು ಮನೆಯ ಬೆಲೆಯ ಜೊತೆ ಹೋಲಿಸಬಾರದು, ಇಡೀ ಯೋಜನೆಯ ಜೊತೆ ಹೋಲಿಸಬೇಕು. 50 ಚೀಲಗಳೂ ಅತಿ ದುಬಾರಿ ದಾರಿಯಲ್ಲೇ ಹೋದರೂ ಬೆಲೆ 250 ಮೀರದು. ದಂಡ ಅದಕ್ಕಿಂತ ಮೇಲಿದ್ದರೆ, ನಿಷಿದ್ಧ ದಾರಿಯಿಲ್ಲದ ಯೋಜನೆ ಒಂದಾದರೂ ಇರುವವರೆಗೆ ಅದೇ ಗೆಲ್ಲುತ್ತದೆ. 1000 ಇಟ್ಟದ್ದು ಅದಕ್ಕೇ.

ಹಾಗೆಂದು ಒಂದರ ಮುಂದೆ ಇಪ್ಪತ್ತು ಸೊನ್ನೆ ಹಾಕಲೂಬಾರದು. ಕಂಪ್ಯೂಟರ್ ಸಾಮಾನ್ಯವಾಗಿ ಒಂದು ಸಂಖ್ಯೆಯ ಸುಮಾರು 16 ಅಂಕಿಗಳನ್ನಷ್ಟೇ ನಿಖರವಾಗಿ ಇಟ್ಟುಕೊಳ್ಳುತ್ತದೆ. ಅಷ್ಟು ದೊಡ್ಡ ದಂಡದ ಪಕ್ಕದಲ್ಲಿ ನಮ್ಮ 3 ಮತ್ತು 5 ಅಳಿಸಿಹೋಗುತ್ತವೆ.

ದಂಡ ಸರಿಯಾಗಿದ್ದರೂ ಕೊನೆಯ ಪರೀಕ್ಷೆ ಬಿಡುವಂತಿಲ್ಲ. ಮರುದಿನ ಅದೇ ದಾಸ್ತಾನು, ಆದರೆ ಅಪಘಾತವಾಗಿ ಓ ರೋಗಿಗಳಿಗೆ 14ರ ಬದಲು 19 ಚೀಲ ಬೇಕು. 55 ಚೀಲ, 55 ಬೇಡಿಕೆ, ಮೊತ್ತ ಸರಿಹೊಂದಿತು. ಬಿಡಿಸಿದರೆ ಉತ್ತರವೂ ಬರುತ್ತದೆ: ಬೆಲೆ 1020. ಆ ಸಾವಿರವೇ ಸುಳಿವು. ಒಂದು ಬಿ ಚೀಲ ಎ ರೋಗಿಯ ಮನೆಯಲ್ಲಿ ಕುಳಿತಿದೆ. ಓ ಚೀಲಗಳು 19 ಹೋದ ಮೇಲೆ ಉಳಿದವು ಐದೇ, ಎ ರೋಗಿಗಳಿಗೆ ಕೊರತೆ ಆರು. ದಂಡವನ್ನು ಹತ್ತು ಪಟ್ಟು ಹೆಚ್ಚಿಸಿದರೂ ಆ ಚೀಲ ಅಲ್ಲಿಂದ ಕದಲದು, ಏಕೆಂದರೆ ತೆರೆದ ದಾರಿಗಳಲ್ಲೇ ಸಾಗುವ ಯೋಜನೆ ಆ ದಿನ ಇಲ್ಲವೇ ಇಲ್ಲ. ವಿಧಾನ ಮಾತ್ರ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಏಳು ಮನೆಗಳನ್ನು ಒಂದೊಂದಾಗಿ ಬೆರಳಿಟ್ಟು ನೋಡುವವರಿಗೇ ಅದು ತಿಳಿಯುತ್ತದೆ.

ಈ ಸೋತ ಲೆಕ್ಕದಲ್ಲೂ ಉಪಯುಕ್ತ ಮಾತೊಂದಿದೆ. ದಂಡ ಅಷ್ಟು ಭಾರಿಯಾದ್ದರಿಂದ ನಿಷಿದ್ಧ ಮನೆಗಳಲ್ಲಿ ಉಳಿಯುವ ಚೀಲಗಳ ಸಂಖ್ಯೆ ಸಾಧ್ಯವಾದಷ್ಟೂ ಕಡಿಮೆ ಇರುತ್ತದೆ. ಅಂದರೆ ಕೊರತೆ ಎಷ್ಟೆಂದು ಅದೇ ಹೇಳುತ್ತದೆ. ಇಲ್ಲಿ ಒಂದು. ಎ ಅಥವಾ ಓ ಗುಂಪಿನ ಒಂದು ಚೀಲ ಹೊರಗಿನಿಂದ ಬಂದರೆ ಎಲ್ಲರಿಗೂ ಸಿಗುತ್ತದೆ.

ನಮ್ಮ ಪಟ್ಟಿ ಕೆಂಪು ಕಣಗಳಿಗಷ್ಟೇ. ಪ್ಲಾಸ್ಮಾ ಕೊಡುವಾಗ ದಾರಿಗಳು ತಿರುವುಮುರುವಾಗುತ್ತವೆ: ಎಬಿ ಪ್ಲಾಸ್ಮಾ ಎಲ್ಲರಿಗೂ ಆಗುತ್ತದೆ, ಓ ಪ್ಲಾಸ್ಮಾ ಓ ರೋಗಿಗೆ ಮಾತ್ರ. ಹಳೆಯ ಪಟ್ಟಿಯನ್ನೇ ಬಳಸಿದರೆ ದಂಡಗಳು ತಪ್ಪು ಮನೆಗಳಲ್ಲಿ ಕುಳಿತಿರುತ್ತವೆ. 1952ರಲ್ಲಿ ವೈ. ಎಂ. ಭೇಂಡೆ ಮತ್ತು ಸಂಗಡಿಗರು ಮುಂಬೈಯಲ್ಲಿ ಗುರುತಿಸಿದ ಬಾಂಬೆ ಗುಂಪಿನವರಿಗಂತೂ ಓ ಚೀಲವೂ ಆಗದು. ಅವರ ಕಂಬದಲ್ಲಿ ತಮ್ಮದೇ ಗುಂಪಿನ ಮನೆಯೊಂದು ಬಿಟ್ಟು ಎಲ್ಲೆಲ್ಲೂ ದಂಡ. ಆರ್‌ಎಚ್ ಅಂಶವನ್ನು ಇಲ್ಲಿ ಲೆಕ್ಕಕ್ಕೆ ತಂದಿಲ್ಲ. ಪಟ್ಟಿ ಏನೇ ಹೇಳಲಿ, ಹತ್ತಿಸುವ ಮುನ್ನ ಚೀಲದ ರಕ್ತವನ್ನೂ ರೋಗಿಯ ರಕ್ತವನ್ನೂ ಬೆರೆಸಿ ನೋಡುವ ಹೊಂದಾಣಿಕೆ ಪರೀಕ್ಷೆ ಆಗಲೇಬೇಕು.

ಆರೋಗ್ಯವಂತ ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ರಕ್ತ ಕೊಡಬಹುದು. ನಿಮ್ಮ ಗುಂಪು ಎ ಅಥವಾ ಓ ಆಗಿದ್ದರೆ, ಮೇಲಿನ ಲೆಕ್ಕದಲ್ಲಿ ಕಡಿಮೆ ಬಿದ್ದ ಆ ಒಂದು ಚೀಲ ನಿಮ್ಮ ಒಂದು ದಾನದಿಂದ ತುಂಬುತ್ತದೆ.